ಓದಿದರೆ ಸಿಗದ ತಪ್ಪುಗಳು: ವೆಬಿನಾರ್ ಟಿಪ್ಪಣಿಯ ಕರಡು ತಿದ್ದುವ ಬಗೆ

*ಕಾಫಿ ಬೆಳೆಗಾರರಿಗಾಗಿ ವೆಬಿನಾರ್ ನಡೆಸುವ ಸ್ವಯಂಸೇವಕರು ಮತ್ತು ಕಾಲೇಜು ಸಿಬ್ಬಂದಿಯ ಮುಂದೆ ಚಿಕ್ಕಮಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ.*

ಎಲ್ಲರಿಗೂ ನಮಸ್ಕಾರ. ವೆಬಿನಾರ್ ಮುಗಿದ ಮೇಲೆ ವಿಡಿಯೊ ಕೆಳಗೆ ಒಂದು ಟಿಪ್ಪಣಿ ಹಾಕುತ್ತೇವಲ್ಲ, ಇವತ್ತಿನ ಮಾತು ಅದರ ಬಗ್ಗೆ. ಯಾರು ಮಾತಾಡಿದರು, ಯಾವ ವಿಷಯ ಎಷ್ಟನೇ ನಿಮಿಷಕ್ಕೆ ಬರುತ್ತದೆ, ಸ್ಲೈಡು ಎಲ್ಲಿ ಸಿಗುತ್ತದೆ ಅಂತ ಬರೆದಿರುತ್ತೇವೆ. ಶೋ ನೋಟ್ಸ್ ಅನ್ನುವುದು ಇದನ್ನೇ.

ಇದರ ಕರಡು ತಿದ್ದುವುದು ಕಥೆಯನ್ನೋ ಲೇಖನವನ್ನೋ ತಿದ್ದಿದ ಹಾಗಲ್ಲ. ಲೇಖನದಲ್ಲಿ ತಪ್ಪಿದ್ದರೆ ಓದುವಾಗಲೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬೀಳುವುದಿಲ್ಲ. "31:50 ಹುಳ ತಗುಲಿದ ಗಿಡ ಗುರುತಿಸುವುದು" ಅಂತ ಒಂದು ಸಾಲಿದೆ ಅಂದುಕೊಳ್ಳಿ. ಎಷ್ಟು ಸಲ ಓದಿದರೂ ಅದು ಸರಿಯಾದ ಕನ್ನಡವೇ. ವಿಷಯ 21:10ಕ್ಕೇ ಶುರುವಾಗಿದೆ ಅನ್ನುವುದು ವಿಡಿಯೊ ಹಾಕಿ ಕೇಳಿದವರಿಗೆ ಮಾತ್ರ ಗೊತ್ತು. ಹೆಸರೂ ಹಾಗೇ, ಲಿಂಕೂ ಹಾಗೇ. ಪ್ರತಿಯೊಂದಕ್ಕೂ ಅದರದೇ ಒಂದು ಮೂಲ ಇರುತ್ತದೆ. ಹೆಸರಿಗೆ ಆ ವ್ಯಕ್ತಿಯೇ ಮೂಲ. ಸಮಯಕ್ಕೆ ಕೊನೆಯಲ್ಲಿ ಪ್ರಕಟವಾದ ವಿಡಿಯೊ ಮೂಲ. ಲಿಂಕಿಗೆ ಒತ್ತಿದಾಗ ತೆರೆಯುವ ಪುಟ ಮೂಲ. ಟಿಪ್ಪಣಿಯನ್ನು ಆ ಮೂಲದ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಬರೀ ಓದಿ ಪ್ರಯೋಜನವಿಲ್ಲ.

ಮೊದಲು ಸಮಯ ನೋಡೋಣ. ಜಾಸ್ತಿ ಕೆಡುವುದು ಅದೇ.

ಪಾಠಕ್ಕಾಗಿ ಒಂದು ಉದಾಹರಣೆ ಕಟ್ಟಿದ್ದೇನೆ. ಕಾಫಿಯ ಬಿಳಿ ಕಾಂಡಕೊರಕದ ಬಗ್ಗೆ ಒಂದು ವೆಬಿನಾರ್. ಆ ಹುಳ ಅರೇಬಿಕಾಕ್ಕೆ ಏನು ಮಾಡುತ್ತದೆ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲೇ ಯಾರೋ ರೆಕಾರ್ಡಿಂಗ್ ಒತ್ತಿದ್ದಾರೆ. "ಕೇಳಿಸುತ್ತಿದೆಯಾ ಸಾರ್, ಮ್ಯೂಟ್ ತೆಗೀರಿ" ಅನ್ನುವುದೆಲ್ಲ ಅದರಲ್ಲಿದೆ. ಟಿಪ್ಪಣಿ ಬರೆದವರು ಆ ಪೂರ್ತಿ ರೆಕಾರ್ಡಿಂಗ್ ನೋಡಿ ಸಮಯ ಗುರುತು ಹಾಕಿಕೊಂಡರು:

```
10:40 ಸ್ವಾಗತ
17:15 ದುಂಬಿಯ ಜೀವನಚಕ್ರ
31:50 ಹುಳ ತಗುಲಿದ ಗಿಡ ಗುರುತಿಸುವುದು
44:05 ಕಿತ್ತು ಸುಡುವ ಕಾಲ
55:00 ನೆರಳು ನಿರ್ವಹಣೆ
1:06:30 ಪ್ರಶ್ನೋತ್ತರ
```

ಆಮೇಲೆ ಎಡಿಟಿಂಗ್ ಮಾಡುವ ಹುಡುಗ ಶುರುವಿನ ಹರಟೆ ಕತ್ತರಿಸಿದ. ಮಧ್ಯದಲ್ಲಿ ಎಲ್ಲೋ ನೆಟ್ ಹೋಗಿ ಎಲ್ಲರೂ ಸುಮ್ಮನೆ ಕೂತಿದ್ದ ಒಂದಿಷ್ಟು ಹೊತ್ತನ್ನೂ ಕತ್ತರಿಸಿದ. ಒಳ್ಳೆಯ ಕೆಲಸವೇ. ಆದರೆ ಟಿಪ್ಪಣಿ ಬರೆದವರಿಗೆ ಹೇಳಲಿಲ್ಲ. ಪ್ರಕಟವಾದ ವಿಡಿಯೊ ಉದ್ದ 1:03:10.

ಕರಡು ತಿದ್ದಲು ಕೂತವರು ಮೊದಲು ನೋಡಬೇಕಾದದ್ದು ಪಟ್ಟಿಯ ಕೊನೆಯ ಸಾಲು. 1:06:30 ಅಂತಿದೆ, ವಿಡಿಯೊ 1:03:10ಕ್ಕೇ ಮುಗಿಯುತ್ತದೆ. ಅಲ್ಲಿಗೆ ಪಟ್ಟಿ ಈ ವಿಡಿಯೊದ್ದಲ್ಲ ಅಂತ ಖಚಿತವಾಯಿತು. ವಿಡಿಯೊ ಇನ್ನೊಂದು ಹತ್ತು ನಿಮಿಷ ಉದ್ದ ಇದ್ದಿದ್ದರೆ ಈ ಸುಳಿವು ಸಿಗುತ್ತಿರಲಿಲ್ಲ. ಆದ್ದರಿಂದ ಕೊನೆಯ ಸಾಲು ಸರಿ ಕಂಡರೂ ಪಾಸ್ ಮಾಡಬೇಡಿ.

ಮುಂದಿನ ಹೆಜ್ಜೆ. ಪಟ್ಟಿಯ ಮೊದಲ ವಿಷಯವನ್ನು ವಿಡಿಯೊದಲ್ಲಿ ಹುಡುಕಿ. ಸ್ವಾಗತ 0:00ಕ್ಕೇ ಇದೆ, ಪಟ್ಟಿಯಲ್ಲಿ 10:40. ವ್ಯತ್ಯಾಸ 10:40. ಜೀವನಚಕ್ರ 6:35ಕ್ಕೆ ಸಿಗುತ್ತದೆ. 17:15ರಲ್ಲಿ 6:35 ಕಳೆಯಿರಿ, ಮತ್ತೆ 10:40. ಗಿಡ ಗುರುತಿಸುವುದು 21:10ಕ್ಕೆ, ಅಲ್ಲೂ 10:40. ಇಷ್ಟಾದ ಮೇಲೆ ಬಹಳ ಜನ ಮಾಡುವುದೇನು ಗೊತ್ತಾ? "ಓಹೋ, ಎಲ್ಲದರಲ್ಲೂ 10:40 ಕಳೆದರೆ ಮುಗಿಯಿತು" ಅಂತ ಉಳಿದದ್ದಕ್ಕೂ ಹಾಗೇ ಲೆಕ್ಕ ಹಾಕಿ ಹೊರಡುತ್ತಾರೆ. ಕಿತ್ತು ಸುಡುವ ಕಾಲ 33:25 ಆಗುತ್ತದೆ, ಅದು ಸರಿ. ನೆರಳು ನಿರ್ವಹಣೆ 44:20 ಆಗುತ್ತದೆ. ಅದು ತಪ್ಪು. ವಿಡಿಯೊದಲ್ಲಿ ಆ ಮಾತು 41:00ಕ್ಕೇ ಶುರುವಾಗಿದೆ. ಅಂದರೆ ಅಲ್ಲಿ ವ್ಯತ್ಯಾಸ 14:00. ಪ್ರಶ್ನೋತ್ತರ 52:30ಕ್ಕೆ, ಅಲ್ಲೂ 14:00.

ಈ ಎರಡು ವ್ಯತ್ಯಾಸ ಏನು ಹೇಳುತ್ತವೆ ನೋಡಿ. ಶುರುವಿನಿಂದ ಒಂದೇ ಸಮ ಇರುವ 10:40, ಮುಂಭಾಗದಲ್ಲಿ ಕತ್ತರಿಸಿದ್ದು. ಆಮೇಲೆ ಅದು 14:00ಕ್ಕೆ ಏರಿದೆ, ಅಂದರೆ ಮಧ್ಯದಲ್ಲಿ 3 ನಿಮಿಷ 20 ಸೆಕೆಂಡು ಹೋಗಿದೆ. 33:25ಕ್ಕೂ 41:00ಕ್ಕೂ ನಡುವೆ ಎಲ್ಲೋ ಆ ಕತ್ತರಿ ಬಿದ್ದಿದೆ. ವ್ಯತ್ಯಾಸ ಎಲ್ಲಿ ಬದಲಾಗುತ್ತದೋ ಅಲ್ಲಿ ಒಂದು ಕತ್ತರಿ. ಎಡಿಟ್ ಮಾಡಿದವನನ್ನು ಕೇಳಿದರೆ "ಹೌದು ಸಾರ್, ನೆಟ್ ಹೋಗಿತ್ತಲ್ಲ" ಅನ್ನುತ್ತಾನೆ. ಕೇಳದಿದ್ದರೂ ನಿಮಗೆ ಗೊತ್ತಾಗಿರುತ್ತದೆ.

ತಿದ್ದದೆ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತು? ಕಾಂಡಕೊರಕದ ದುಂಬಿ ಹಾರುವುದು ಮುಖ್ಯವಾಗಿ ಏಪ್ರಿಲ್–ಮೇ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮೊದಲೇ ಹುಳ ತಗುಲಿದ ಗಿಡ ಕಿತ್ತು ಸುಡಬೇಕು. ಮಾರ್ಚ್‌ನಲ್ಲಿ ಒಬ್ಬ ಬೆಳೆಗಾರರು "ಕಿತ್ತು ಸುಡುವ ಕಾಲ" ಅನ್ನುವ ಸಾಲಿನ 44:05 ಒತ್ತುತ್ತಾರೆ. ಅವರಿಗೆ ಕೇಳುವುದು ನೆರಳಿನ ಸಿಲ್ವರ್ ಓಕ್ ಮರದ ಕೊಂಬೆ ಸವರುವ ಮಾತು. ಇದರಲ್ಲಿ ಆ ವಿಷಯ ಇಲ್ಲ ಅಂತ ಮುಚ್ಚಿಬಿಡುತ್ತಾರೆ.

ಲೆಕ್ಕಕ್ಕೆ ಎಕ್ಸೆಲ್ ಬಳಸುವವರಿಗೆ ಒಂದು ಮಾತು. ಅಲ್ಲಿ 17:15 ಅಂತ ಬರೆದರೆ ಅದು ಹದಿನೇಳು ಗಂಟೆ ಹದಿನೈದು ನಿಮಿಷ ಅಂತ ತಿಳಿದುಕೊಳ್ಳುತ್ತದೆ. ಮುಂದೆ ಸೊನ್ನೆ ಗಂಟೆ ಸೇರಿಸಿ 0:17:15 ಅಂತಲೇ ಬರೆಯಿರಿ. ಆಮೇಲೆ ಇಷ್ಟು ಸಾಕು:

```
=A2-TIME(0,10,40)
```

ಕತ್ತರಿ ಬಿದ್ದ ನಂತರದ ಸಾಲುಗಳಿಗೆ `TIME(0,14,0)`. ಬಂದ ಉತ್ತರವನ್ನು ಹಾಗೇ ನಂಬಬೇಡಿ. ಪ್ರತಿ ಸಾಲನ್ನೂ ವಿಡಿಯೊದಲ್ಲಿ ಒತ್ತಿ ಹತ್ತು ಸೆಕೆಂಡು ಕೇಳಿ. ತಲೆಬರಹದ ವಿಷಯ ಆ ಹತ್ತು ಸೆಕೆಂಡಿನೊಳಗೆ ಶುರುವಾಗಬೇಕು. ವಾಕ್ಯದ ಮಧ್ಯಕ್ಕೆ ಬಿದ್ದರೆ ಒಂದೆರಡು ಸೆಕೆಂಡು ಹಿಂದಕ್ಕೆ ಹಾಕಿ. ತಡವಾಗಿ ಬೀಳುವುದಕ್ಕಿಂತ ತುಸು ಮುಂಚೆ ಬೀಳುವುದು ವಾಸಿ.

ಯೂಟ್ಯೂಬಿನಲ್ಲಿ ಹಾಕುವುದಾದರೆ ಅದರ ನಿಯಮವೂ ತಿಳಿದಿರಲಿ. ಅಧ್ಯಾಯಗಳಾಗಿ ತುಂಡಾಗಿ ಕಾಣಬೇಕಾದರೆ ಮೊದಲ ಸಾಲು 0:00 ಆಗಿರಬೇಕು. ಕನಿಷ್ಠ ಮೂರು ಸಮಯ ಇರಬೇಕು, ಏರುವ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯವೂ ಕನಿಷ್ಠ 10 ಸೆಕೆಂಡಿನದ್ದಾಗಿರಬೇಕು. ನಮ್ಮ ಹಳೆಯ ಪಟ್ಟಿ 10:40ರಿಂದ ಶುರುವಾಗುತ್ತದೆ ಅಲ್ವಾ? ಹಾಗೇ ಹಾಕಿದ್ದರೆ ಅಧ್ಯಾಯವೇ ಬರುತ್ತಿರಲಿಲ್ಲ. ಅದೇ ಇನ್ನೊಂದು ಸುಳಿವು.

ಇನ್ನು ನಮ್ಮ ಕನ್ನಡದ್ದೇ ಆದ ಎರಡು ತೊಂದರೆ. ಹೊತ್ತು ಬರೆಯುವಾಗ ನಾವು ಚುಕ್ಕಿ ಇಡುತ್ತೇವೆ, "ಬೆಳಿಗ್ಗೆ 10.30ಕ್ಕೆ" ಅಂತ. ಆ ಅಭ್ಯಾಸದಲ್ಲಿ 21.10 ಅಂತ ಬರೆದರೆ ಅದು ಒತ್ತಲು ಬರುವ ಸಮಯವಾಗುವುದಿಲ್ಲ, ಬರೀ ಅಕ್ಷರವಾಗಿ ಉಳಿಯುತ್ತದೆ. ಎರಡನೆಯದು, ಕನ್ನಡ ಕೀಲಿಮಣೆಯಲ್ಲಿ ಕೋಲನ್ನಿನ ಬದಲು ವಿಸರ್ಗ ಬೀಳುವುದು. 21ಃ10, 21:10, ನೋಡಲು ಹೆಚ್ಚು ಕಡಿಮೆ ಒಂದೇ. ಕಣ್ಣಿಗೆ ಕಾಣದಿದ್ದರೂ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಅಂಕಿಗಳನ್ನೂ ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ.

ಈಗ ಹೆಸರಿಗೆ ಬರೋಣ. ನೋಂದಣಿ ಫಾರಂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅಲ್ಲಿಂದ ಕನ್ನಡಕ್ಕೆ ಬರುವಾಗ ಊಹೆ ಶುರುವಾಗುತ್ತದೆ. `Hemalatha` ಅಂತಿದ್ದರೆ ಹೇಮಲತನೋ ಹೇಮಲತಾನೋ? `Shashidhar` ಅಂತಿದ್ದರೆ ಕನ್ನಡದಲ್ಲಿ ಅವರು ಶಶಿಧರ ಅಂತಲೂ ಬರೆಯುತ್ತಿರಬಹುದು, ಶಶಿಧರ್ ಅಂತಲೂ ಬರೆಯುತ್ತಿರಬಹುದು. ಇಂಗ್ಲಿಷಿನ `l` ಒಂದರಲ್ಲೇ ಲ, ಳ ಎರಡೂ ಅಡಗಿವೆ. `n` ಒಂದರಲ್ಲಿ ನ, ಣ ಇವೆ. ಇನಿಷಿಯಲ್ ಅಂತೂ ಇನ್ನೂ ಕಷ್ಟ. ಒಬ್ಬರು ಎಚ್. ಅನ್ನುತ್ತಾರೆ, ಇನ್ನೊಬ್ಬರು ಹೆಚ್. ಅನ್ನುತ್ತಾರೆ. ಹಾಸನ ಜಿಲ್ಲೆಯಿಂದ ಪ್ರಧಾನಿಯಾದ ದೇವೇಗೌಡರ ಹೆಸರನ್ನೇ ನೋಡಿ. ಎಚ್.ಡಿ. ಅಂತಲೂ ಹೆಚ್.ಡಿ. ಅಂತಲೂ ಅಚ್ಚಾಗುತ್ತದೆ. ಕನ್ನಡದಲ್ಲಿ ದೇವೇಗೌಡ ಒಂದೇ ಪದ, ಇಂಗ್ಲಿಷಿನಲ್ಲಿ `Deve Gowda` ಅಂತ ಎರಡು. ಅಷ್ಟು ದೊಡ್ಡವರ ಹೆಸರಿಗೇ ಹೀಗಾದರೆ ನಮ್ಮ ವೆಬಿನಾರಿಗೆ ಬಂದವರ ಹೆಸರನ್ನು ನಾವು ಊಹಿಸಬಾರದು.

ಪತ್ರಿಕೆಯವರಿಗೆ "ನಮ್ಮಲ್ಲಿ ಎಲ್ಲರಿಗೂ ಎಚ್. ಅಂತಲೇ" ಅನ್ನುವ ನಿಯಮ ಇರಬಹುದು. ಟಿಪ್ಪಣಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರು ಬರೆದುಕೊಳ್ಳುವ ಹಾಗೆಯೇ ಇರಲಿ. ಆಹ್ವಾನ ಕಳಿಸುವಾಗಲೇ ಒಂದು ಮೆಸೇಜು ಹಾಕಿ: "ಸಾರ್, ನಿಮ್ಮ ಹೆಸರು, ಇನಿಷಿಯಲ್, ಹುದ್ದೆ ಮೂರನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಟೈಪ್ ಮಾಡಿ ಕಳಿಸಿ." ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಕೇಳಿದರೆ ಹೇಮಲತ, ಹೇಮಲತಾ ಎರಡೂ ಒಂದೇ ಥರ ಕಿವಿಗೆ ಬೀಳುತ್ತವೆ. ಜೂಮ್ ಪರದೆಯ ಮೇಲಿನ ಹೆಸರೂ ಲೆಕ್ಕಕ್ಕಿಲ್ಲ. ಅದು ಮಗನ ಫೋನಿನ ಹೆಸರಾಗಿರಬಹುದು. ಡಾ., ಶ್ರೀಮತಿ ಇವನ್ನೂ ಅವರು ಬರೆದಿದ್ದರೆ ಮಾತ್ರ ಹಾಕಿ.

ಸರಿಯಾದ ರೂಪ ಬಂತು, ಶಶಿಧರ್ ಅಂತ. ಈಗ ಟಿಪ್ಪಣಿಯಲ್ಲಿ ಎಲ್ಲ ಕಡೆ ತಿದ್ದಬೇಕು. ಇಲ್ಲೇ ಬಹಳ ಜನ ಜಾರುವುದು. "ಶಶಿಧರ" ಹುಡುಕಿ "ಶಶಿಧರ್" ಅಂತ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಬಟನ್ ಒತ್ತುತ್ತಾರೆ. ಆದರೆ ಶಶಿಧರ್ ಅನ್ನುವುದರ ಒಳಗೇ ಶಶಿಧರ ಇದೆ, ಅದರ ಮೇಲೆ ಒಂದು ಅರ್ಧಾಕ್ಷರದ ಗುರುತು ಅಷ್ಟೇ. ಆದ್ದರಿಂದ ಮೊದಲೇ ಸರಿಯಿದ್ದ ಕಡೆ ಆ ಗುರುತು ಎರಡೆರಡು ಸಲ ಬೀಳುತ್ತದೆ. ಕೆಲವು ಫಾಂಟಿನಲ್ಲಿ ಅಲ್ಲೊಂದು ಚುಕ್ಕೆಯ ವೃತ್ತ ಕಾಣುತ್ತದೆ. "ಶಶಿಧರರು ಹೇಳಿದಂತೆ" ಅಂತ ಇದ್ದದ್ದು "ಶಶಿಧರ್ರು" ಆಗುತ್ತದೆ. ಕನ್ನಡದಲ್ಲಿ ಹೆಸರಿಗೆ ಪ್ರತ್ಯಯ ಅಂಟಿಕೊಳ್ಳುವುದರಿಂದ ಒಟ್ಟಿಗೆ ಬದಲಿಸುವುದು ಯಾವತ್ತೂ ಅಪಾಯ. "ಶಶಿ" ಅಂತ ಚಿಕ್ಕದಾಗಿ ಹುಡುಕಿ, ಒಂದೊಂದೇ ನೋಡಿ ತಿದ್ದಿ. ತಲೆಬರಹ, ಅಧ್ಯಾಯದ ಸಾಲು, ಸ್ಲೈಡಿನ ಫೈಲ್ ಹೆಸರು ಎಲ್ಲ ಕಡೆ ಸಿಗುತ್ತದೆ. ವಿಡಿಯೊದ ಮುಖಚಿತ್ರದಲ್ಲಿ ಮಾತ್ರ ಸಿಗುವುದಿಲ್ಲ. ಅದು ಚಿತ್ರ, ಕಣ್ಣಲ್ಲೇ ನೋಡಬೇಕು.

ಹುಡುಕಿದರೂ ಸಿಗದ ಇನ್ನೊಂದು ತಪ್ಪಿದೆ. ಮಂಜುನಾಥ ಅನ್ನುವ ಹೆಸರಿನಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಟೈಪ್ ಆಗಿರುತ್ತದೆ, ಮ೦ಜುನಾಥ ಅಂತ. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಂಪ್ಯೂಟರಿಗೆ ಅವು ಬೇರೆ ಬೇರೆ ಗುರುತು. ಯಾರಾದರೂ ಮಂಜುನಾಥ ಅಂತ ಸರಿಯಾಗಿ ಟೈಪ್ ಮಾಡಿ ಹುಡುಕಿದರೆ ಈ ಸಾಲು ಬರುವುದಿಲ್ಲ. ಪರೀಕ್ಷೆ ಸುಲಭ. ಟಿಪ್ಪಣಿಯಲ್ಲಿ ಕನ್ನಡ ಸೊನ್ನೆ ೦ ಒಂದನ್ನೇ ಹುಡುಕಿ. ಅಂಕಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರೆ, ಸಿಕ್ಕಿದ ಪ್ರತಿಯೊಂದು ೦ ಕೂಡ ತಪ್ಪೇ. ಎಂ. ಇನಿಷಿಯಲ್ ಇದ್ದ ಕಡೆ ಇದು ಜಾಸ್ತಿ ಸಿಗುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಬಂದ ಹೆಸರಿನ ಪಟ್ಟಿ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ ಅನ್ನುವುದು ನಿಮಗೆಲ್ಲ ಗೊತ್ತು. ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಇನ್ನೊಮ್ಮೆ ನೋಡಿ. ಅಷ್ಟೇ.

ಕೊನೆಯದು ಲಿಂಕು. ಯೂಟ್ಯೂಬ್ ವಿವರಣೆಯಲ್ಲಿ ಪದದ ಹಿಂದೆ ವಿಳಾಸ ಅಡಗಿಸಲು ಬರುವುದಿಲ್ಲ, ವಿಳಾಸ ಹಾಗೇ ಕಾಣುತ್ತದೆ. ಅಲ್ಲಿ ವಿಳಾಸದ ಮುಂದಿನ ಮಾತೇ ಅದು ಏನು ಅಂತ ಹೇಳಬೇಕು. ವೆಬ್ ಪುಟದಲ್ಲಿ, ಇಮೇಲಿನಲ್ಲಿ ಪದಕ್ಕೇ ಲಿಂಕ್ ಕೊಡಬಹುದು. ಅಲ್ಲಿ ನಾವು ಬರೆಯುವುದು ಏನು? "ಸ್ಲೈಡುಗಳಿಗಾಗಿ ಇಲ್ಲಿ ಕ್ಲಿಕ್ ಮಾಡಿ. ಕೈಪಿಡಿಗಾಗಿ ಇಲ್ಲಿ ಕ್ಲಿಕ್ ಮಾಡಿ. ಮುಂದಿನ ವೆಬಿನಾರಿಗೆ ಇಲ್ಲಿ ಕ್ಲಿಕ್ ಮಾಡಿ."

ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ಎನ್‌ವಿಡಿಎ ಅನ್ನುವುದು ಉಚಿತವಾಗಿ ಸಿಗುತ್ತದೆ. ಅದರಲ್ಲಿ `Insert+F7` ಒತ್ತಿದರೆ ಪುಟದ ಲಿಂಕುಗಳು ಮಾತ್ರ ಪಟ್ಟಿಯಾಗಿ ಬರುತ್ತವೆ. ನಮ್ಮ ಪುಟದಲ್ಲಿ ಅವರಿಗೆ ಕೇಳುವುದು "ಇಲ್ಲಿ, ಇಲ್ಲಿ, ಇಲ್ಲಿ". WCAG ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.4.4ನೇ ಅಂಶ ಇದಕ್ಕೇ ಇದೆ. ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ಅದರ ಪದಗಳಿಂದ ತಿಳಿಯಬೇಕು, ಇಲ್ಲವೇ ಅದು ಇರುವ ವಾಕ್ಯದಿಂದಾದರೂ ತಿಳಿಯಬೇಕು ಅನ್ನುತ್ತದೆ. ವಾಕ್ಯದಿಂದ ತಿಳಿದರೆ ನಿಯಮಕ್ಕೆ ಸಾಕು. ಆದರೆ ಬರೀ ಪಟ್ಟಿ ಕೇಳುವವರಿಗೆ ವಾಕ್ಯ ಸಿಗುವುದಿಲ್ಲ, ಆದ್ದರಿಂದ ಪದದಲ್ಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ವಿಧಾನ ಇಷ್ಟೇ. ಟಿಪ್ಪಣಿಯಿಂದ ಲಿಂಕಿನ ಪದಗಳನ್ನು ಮಾತ್ರ ಒಂದು ಹಾಳೆಗೆ ಇಳಿಸುತ್ತೇನೆ. ಟಿಪ್ಪಣಿ ನೋಡದ ಒಬ್ಬರಿಗೆ ಕೊಟ್ಟು "ಇದನ್ನು ಒತ್ತಿದರೆ ಏನು ಬರುತ್ತದೆ ಹೇಳಿ" ಅಂತ ಕೇಳುತ್ತೇನೆ. ಅವರು ಹೇಳಿದ್ದಕ್ಕೂ ತೆರೆಯುವ ಪುಟಕ್ಕೂ ತಾಳೆಯಾಗಬೇಕು. "ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಕಾಂಡಕೊರಕ ಕೈಪಿಡಿ" ಅಂತ ಬರೆದು ಒತ್ತಿದಾಗ ಕಾಫಿ ಮಂಡಳಿಯ ಮುಖಪುಟ ಬಂದರೆ, ಆ ಪದಗಳು ಎಷ್ಟು ಚೆನ್ನಾಗಿದ್ದರೂ ಸುಳ್ಳು. ಒಂದೋ ಕೈಪಿಡಿಯ ಪುಟದ್ದೇ ವಿಳಾಸ ಹಾಕಿ, ಇಲ್ಲವೇ "ಕಾಫಿ ಮಂಡಳಿ ಮುಖಪುಟ" ಅಂತ ಬರೆಯಿರಿ. ಫೈಲ್ ನೇರವಾಗಿ ಇಳಿಯುವುದಾದರೆ "ಪಿಡಿಎಫ್, ಇಂಗ್ಲಿಷ್, 14 ಎಂಬಿ" ಅಂತ ಜೊತೆಗೇ ಹೇಳಿ. ತೋಟದಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ನಿಂತವರಿಗೆ ಅದು ಬೇಕಾದ ಮಾಹಿತಿ.

ಮೂಡಿಗೆರೆ ಕಡೆಯಿಂದ ಬಂದ ಒಬ್ಬರು ಇಲ್ಲಿ ಕೇಳಿದರು: "ಸಾರ್, ನಾವು ಚೆಕ್ ಮಾಡಿದಾಗ ತೆರೆಯುತ್ತದೆ, ಜನರಿಗೆ ತೆರೆಯುವುದಿಲ್ಲ ಅಂತ ಫೋನ್ ಬರುತ್ತದೆ. ಯಾಕೆ?"

ನೀವು ಲಾಗಿನ್ ಆಗಿರುತ್ತೀರಿ, ಅದಕ್ಕೆ. ಸ್ಲೈಡು ನಿಮ್ಮದೇ ಡ್ರೈವಿನಲ್ಲಿದೆ, ನಿಮಗೆ ಬಾಗಿಲು ತೆರೆದೇ ಇದೆ. ಬೇರೆಯವರಿಗೆ ಅನುಮತಿ ಕೇಳುತ್ತದೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಯಾವ ಲಾಗಿನ್ನೂ ಇಲ್ಲದೆ ತೆರೆದು ನೋಡಿ. ಇದಕ್ಕೆ ವಿರುದ್ಧದ ತಪ್ಪೂ ಇದೆ. ಲಿಂಕ್ ಸಿಕ್ಕ ಯಾರು ಬೇಕಾದರೂ ತಿದ್ದಬಹುದು ಅಂತ ಅನುಮತಿ ಕೊಟ್ಟುಬಿಟ್ಟಿರುತ್ತಾರೆ. ಆಗ ಉಪನ್ಯಾಸಕರ ಸ್ಲೈಡನ್ನು ಯಾರೋ ಅಳಿಸಿಬಿಡಬಹುದು. ನೋಡಲು ಮಾತ್ರ ಅಂತ ಬದಲಿಸಿ.

ಇನ್ನೊಂದು, ವಿಳಾಸಕ್ಕೆ ಪ್ರತ್ಯಯ ಅಂಟಿಸುವುದು. ಮಾತಿನ ಓಟದಲ್ಲಿ ಹೀಗೆ ಬರೆಯುತ್ತೇವೆ:

```
ಸ್ಲೈಡುಗಳು https://example.org/borer.pdfನಲ್ಲಿ ಇವೆ.
```

"ನಲ್ಲಿ" ಕೂಡ ವಿಳಾಸದ ಭಾಗವಾಗಿ ಹೋಗಬಹುದು, ಪುಟ ಸಿಗುವುದಿಲ್ಲ. ವಾಕ್ಯವನ್ನು ವಿಳಾಸಕ್ಕೆ ಮೊದಲೇ ಮುಗಿಸಿ, ವಿಳಾಸವನ್ನು ಅದರದೇ ಸಾಲಿನಲ್ಲಿ ಇಡಿ:

```
ಉಪನ್ಯಾಸದ ಸ್ಲೈಡುಗಳು, ಪಿಡಿಎಫ್:
https://example.org/borer.pdf
```

ಪದಕ್ಕೆ ಲಿಂಕ್ ಕೊಡುವಾಗಲೂ "ಕೈಪಿಡಿ"ಗೆ ಮಾತ್ರ ಲಿಂಕ್ ಕೊಟ್ಟು "ಯನ್ನು" ಹೊರಗೆ ಬಿಡಬೇಡಿ. ಪೂರ್ತಿ ಪದ ಒಳಗಿರಲಿ.

ಕಾಲೇಜಿನ ಮೇಡಂ ಒಬ್ಬರ ಪ್ರಶ್ನೆ ಕೊನೆಯದಾಗಿತ್ತು: "ಹಳೆಯ ವಿಡಿಯೊಗಳು ರಾಶಿ ಇವೆ ಸಾರ್. ಎಲ್ಲ ಕೂತು ತಿದ್ದೋಕೆ ಆಗುತ್ತಾ?"

ಆಗುವುದಿಲ್ಲ ಮೇಡಂ, ಬೇಕಾಗಿಯೂ ಇಲ್ಲ. ಹೀಗೆ ಮಾಡಿ. ಮೊದಲು ಉಪನ್ಯಾಸಕರ ಹೆಸರು ತಪ್ಪಿರುವ ತಲೆಬರಹಗಳನ್ನು ತಿದ್ದಿ, ಅದಕ್ಕೆ ವಿಡಿಯೊ ಕೇಳಬೇಕಾಗಿಲ್ಲ. ಆಮೇಲೆ ಮುಗಿದು ಹೋದ ನೋಂದಣಿ ಫಾರಂಗಳ ಲಿಂಕ್ ತೆಗೆಯಿರಿ. ಇನ್ನೂ ಕೆಲವದರಲ್ಲಿ ಜನ ಹೆಸರು, ಫೋನ್ ನಂಬರ್ ತುಂಬುತ್ತಲೇ ಇರಬಹುದು. ಸಮಯದ ಪಟ್ಟಿಯನ್ನು, ಜನ ಈಗಲೂ ನೋಡುತ್ತಿರುವ ವಿಡಿಯೊಗಳಿಗೆ ಮಾತ್ರ ಸರಿಮಾಡಿ. ಕೊನೆಯ ಸಾಲು ವಿಡಿಯೊ ಉದ್ದ ಮೀರಿದ್ದು ಕಂಡರೆ, ತಿದ್ದಲು ಪುರುಸೊತ್ತಿಲ್ಲದಿದ್ದರೆ, ಆ ಪಟ್ಟಿಯನ್ನೇ ಅಳಿಸಿಬಿಡಿ. ಪ್ರಕಟವಾದ ವಿಡಿಯೊವನ್ನು ಯೂಟ್ಯೂಬಿನಲ್ಲೇ ಮತ್ತೆ ಕತ್ತರಿಸುವುದಿದ್ದರೆ, ಕತ್ತರಿಸುವ ಮೊದಲು ಟಿಪ್ಪಣಿ ಬರೆದವರಿಗೆ ಒಂದು ಮೆಸೇಜು ಹಾಕಲು ಆ ಎಡಿಟಿಂಗ್ ಹುಡುಗನಿಗೆ ಹೇಳಿ. ವಿವರಣೆಯಲ್ಲಿ ಬರೆದ ಸಮಯ ತಾನಾಗಿ ಬದಲಾಗುವುದಿಲ್ಲ.